ಸಿಟಿ ಸ್ಲಿಪ್ ಬಂದ ಮೇಲೆ ಪರೀಕ್ಷೆಯ ಊರು ಬದಲಾಗುತ್ತದೆಯೇ?

ಪ್ರತಿವರ್ಷ ಏಪ್ರಿಲ್ ಕೊನೆಯ ವಾರದಲ್ಲಿ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು ಬರಲು ಶುರುವಾಗುತ್ತವೆ. 'ಸರ್, ನೀಟ್ ಸೆಂಟರ್ ಬೇರೆ ಊರಿಗೆ ಬಿದ್ದಿದೆ, ಬದಲಾಯಿಸಬಹುದಾ?' ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅರ್ಜಿ ತುಂಬುವ ದಿನಗಳಲ್ಲಿ ವಿದ್ಯಾರ್ಥಿಗಳ ಜೊತೆ ಕೂರುವವನು ನಾನಾದ್ದರಿಂದ ಈ ಪ್ರಶ್ನೆಯೂ ನನ್ನ ಬಳಿಗೇ ಬರುತ್ತದೆ. ಉತ್ತರ ಹೆಚ್ಚುಕಡಿಮೆ ಯಾವಾಗಲೂ 'ಇಲ್ಲ' ಎಂದೇ. ಆದರೆ ಬರಿಯ 'ಇಲ್ಲ' ಎಂದರೆ ಪೋಷಕರಿಗೆ ಸಮಾಧಾನವಾಗುವುದಿಲ್ಲ. ಯಾರಾದರೂ ದೊಡ್ಡವರಿಂದ ಹೇಳಿಸಿದರೆ ಆಗಬಹುದೇನೋ, ದೆಹಲಿಗೆ ಹೋಗಿ ಕೇಳಿದರೆ ಆಗಬಹುದೇನೋ ಎಂಬ ಆಸೆ ಉಳಿಯುತ್ತದೆ. ಆ ಆಸೆಯಲ್ಲಿ ಓದಿಗೆ ಬೇಕಾದ ಏಳೆಂಟು ದಿನ ಕಳೆದುಹೋಗುತ್ತವೆ. ಹಾಗಾಗಿ ಈ 'ಇಲ್ಲ' ಎಂಬುದರ ಹಿಂದೆ ಏನಿದೆ ಎಂದು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಎರಡು ಕಾಗದಗಳ ವ್ಯತ್ಯಾಸ ತಿಳಿದಿರಲಿ. ನೀಟ್ ಪರೀಕ್ಷೆ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ. ಪರೀಕ್ಷೆಗೆ ಹತ್ತು ಹನ್ನೆರಡು ದಿನ ಮುಂಚೆ ಅದು ಒಂದು ಚೀಟಿ ಬಿಡುಗಡೆ ಮಾಡುತ್ತದೆ. ಅದರಲ್ಲಿ ನಿಮ್ಮ ಪರೀಕ್ಷೆ ಯಾವ ನಗರದಲ್ಲಿ ಎಂದಷ್ಟೇ ಇರುತ್ತದೆ. ಶಾಲೆ ಯಾವುದು, ವಿಳಾಸವೇನು ಎಂಬುದು ಇರುವುದಿಲ್ಲ. ಇದನ್ನೇ ನಾವೆಲ್ಲ ಸಿಟಿ ಸ್ಲಿಪ್ ಎನ್ನುವುದು. ಊರಿಗೆ ಹೋಗಲು ಟಿಕೆಟ್, ಉಳಿಯಲು ಜಾಗ ನೋಡಿಕೊಳ್ಳಲಿ ಎಂಬುದಷ್ಟೇ ಅದರ ಉದ್ದೇಶ. ಕೇಂದ್ರದ ಹೆಸರು, ವಿಳಾಸ, ಒಳಗೆ ಹೋಗಬೇಕಾದ ಸಮಯ ಇವೆಲ್ಲ ಇರುವ ಪ್ರವೇಶಪತ್ರ ಬರುವುದು ಅದಾದ ಮೇಲೆ, ಪರೀಕ್ಷೆಗೆ ಮೂರು ನಾಲ್ಕು ದಿನ ಇರುವಾಗ. ಸ್ಲಿಪ್ ಹಿಡಿದುಕೊಂಡು ಕೇಂದ್ರದ ಗೇಟಿಗೆ ಹೋದರೆ ಒಳಗೆ ಬಿಡುವುದಿಲ್ಲ.

ಬಹಳ ಮಂದಿ ತಿಳಿದುಕೊಂಡಿರುವುದು ಹೀಗೆ: ಸ್ಲಿಪ್ ಎಂದರೆ ಒಂದು ರೀತಿಯ ಕರಡು, ಆಕ್ಷೇಪಣೆ ಇದ್ದರೆ ಹೇಳಿ ಎಂದು ಕೊಟ್ಟದ್ದು, ಪ್ರವೇಶಪತ್ರ ಬರುವ ಮುಂಚೆ ಬದಲಾಯಿಸಿಕೊಳ್ಳಬಹುದು. ಹಾಗಿಲ್ಲ. ಸ್ಲಿಪ್ ನಿಮ್ಮ ಕೈಗೆ ಬರುವ ಹೊತ್ತಿಗೆ ಆ ನಗರದ ಲೆಕ್ಕ ಮುಗಿದು ಮುಚ್ಚಿಹೋಗಿರುತ್ತದೆ. ಅದು ಹೇಗೆ ಎಂಬುದೇ ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ ವಿಷಯ.

2025ರ ದಿನಾಂಕಗಳನ್ನೇ ತೆಗೆದುಕೊಳ್ಳೋಣ. ಅರ್ಜಿ ತೆರೆದದ್ದು ಫೆಬ್ರವರಿ 7ಕ್ಕೆ, ಮುಚ್ಚಿದ್ದು ಮಾರ್ಚ್ 7ಕ್ಕೆ. ಅರ್ಜಿಯಲ್ಲಿನ ತಪ್ಪು ತಿದ್ದಿಕೊಳ್ಳಲು ಮಾರ್ಚ್ 9ರಿಂದ 11ರವರೆಗೆ ಮೂರು ದಿನ ಕೊಟ್ಟರು. ತಿದ್ದಬಹುದಾದ ವಿಷಯಗಳಲ್ಲಿ ಪರೀಕ್ಷೆಯ ನಗರವೂ ಇತ್ತು, ಪ್ರಶ್ನೆಪತ್ರಿಕೆಯ ಭಾಷೆಯೂ ಇತ್ತು. ಏಪ್ರಿಲ್ 23ಕ್ಕೆ ಸಿಟಿ ಸ್ಲಿಪ್, ಏಪ್ರಿಲ್ 30ಕ್ಕೆ ಪ್ರವೇಶಪತ್ರ, ಮೇ 4ರ ಭಾನುವಾರ ಪರೀಕ್ಷೆ. ಈಗ ಇದರ ಪಕ್ಕದಲ್ಲಿ ನಮ್ಮ ಕ್ಯಾಲೆಂಡರ್ ಇಟ್ಟು ನೋಡಿ. ಆ ವರ್ಷದ ದ್ವಿತೀಯ ಪಿಯುಸಿ ಪರೀಕ್ಷೆ-1 ನಡೆದದ್ದು ಮಾರ್ಚ್ 1ರಿಂದ 20ರವರೆಗೆ. ಊರು ಬದಲಾಯಿಸಿಕೊಳ್ಳಲು ಇದ್ದ ಆ ಮೂರು ದಿನಗಳು ಸರಿಯಾಗಿ ಬೋರ್ಡ್ ಪರೀಕ್ಷೆಯ ನಡುವೆ ಬಂದು ಹೋದವು. ನಾಳೆಯ ಪೇಪರಿಗೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಮೇ ತಿಂಗಳ ಊರಿನ ನೆನಪು ಎಲ್ಲಿಂದ ಬರಬೇಕು? ಬೋರ್ಡ್ ಪರೀಕ್ಷೆ ಮುಗಿಸಿ, ನಾಲ್ಕು ದಿನ ನಿದ್ದೆ ಮಾಡಿ, ತಲೆ ಎತ್ತಿ ನೋಡುವಷ್ಟರಲ್ಲಿ ಕಿಟಕಿ ಮುಚ್ಚಿ ಹದಿನೈದು ದಿನ ಆಗಿತ್ತು.

ಮಾರ್ಚ್ 11ರ ರಾತ್ರಿಗೂ ಏಪ್ರಿಲ್ 23ಕ್ಕೂ ನಡುವೆ ಸುಮಾರು ಆರು ವಾರ. ಈ ಆರು ವಾರದಲ್ಲಿ ವೆಬ್‌ಸೈಟಿನಲ್ಲಿ ನಮಗೆ ಏನೂ ಕಾಣುವುದಿಲ್ಲ. ಆದರೆ ನಿಜವಾದ ಕೆಲಸ ನಡೆಯುವುದು ಆಗಲೇ.

ನೀಟ್ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಯಲ್ಲ, ಪೆನ್ನು ಕಾಗದದ ಪರೀಕ್ಷೆ. ದೇಶದಾದ್ಯಂತ ಒಂದೇ ದಿನ, ಒಂದೇ ಹೊತ್ತಿಗೆ ನಡೆಯುತ್ತದೆ. 2025ರಲ್ಲಿ ಹೆಸರು ನೋಂದಾಯಿಸಿದವರು 22 ಲಕ್ಷಕ್ಕೂ ಹೆಚ್ಚು. ಇಷ್ಟು ಮಂದಿಗೆ ಕಾಗದ ಮುದ್ರಿಸಬೇಕು, ಎಣಿಸಬೇಕು, ಸೀಲ್ ಮಾಡಬೇಕು, ನೂರಾರು ನಗರಗಳಿಗೆ ಕಳಿಸಬೇಕು. ಅಲ್ಲಿ ಬ್ಯಾಂಕಿನ ಸುಪರ್ದಿಯಲ್ಲಿ ಇಡಬೇಕು. ಪರೀಕ್ಷೆಯ ದಿನವಷ್ಟೇ ಅದು ಕೇಂದ್ರಕ್ಕೆ ಹೋಗಬೇಕು. ಯಾವ ನಗರಕ್ಕೆ ಎಷ್ಟು ಎಂಬ ಸಂಖ್ಯೆ ನಿಲ್ಲದೆ ಈ ಕೆಲಸದ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಸಾಮಾನ್ಯವಾಗಿ ಒಂದು ಕೊಠಡಿಗೆ 24 ಮಂದಿ. ಒಂದು ಶಾಲೆಯಲ್ಲಿ 20 ಕೊಠಡಿ ಸಿಕ್ಕಿದರೆ 480 ಸೀಟು. ಲೆಕ್ಕ ಸುಲಭವಾಗಲೆಂದು, ಒಂದು ನಗರದಲ್ಲಿ ಇಂಥ ಎಂಟು ಶಾಲೆಗಳು ಒಪ್ಪಿವೆ ಎಂದಿಟ್ಟುಕೊಳ್ಳಿ. ಅಲ್ಲಿಗೆ 3,840 ಸೀಟು. ಆ ನಗರವನ್ನು ಮೊದಲ ಆಯ್ಕೆಯಾಗಿ ಕೇಳಿದವರು 3,825 ಮಂದಿ ಇದ್ದರೆ ಎಲ್ಲರಿಗೂ ಸಿಗುತ್ತದೆ, 15 ಸೀಟು ಉಳಿಯುತ್ತದೆ. 4,100 ಮಂದಿ ಕೇಳಿದ್ದರೆ 260 ಮಂದಿ ಎರಡನೆಯ ಆಯ್ಕೆಗೆ ಹೋಗುತ್ತಾರೆ. ಅವರು ಹೋದ ನಗರದಲ್ಲಿ ಅಷ್ಟು ಸೀಟು ತುಂಬುತ್ತದೆ, ಅಲ್ಲಿಂದ ಕೆಲವರು ಇನ್ನೊಂದು ಕಡೆಗೆ. ಒಂದು ನಗರದ ಲೆಕ್ಕ ಪಕ್ಕದ ನಗರದ ಲೆಕ್ಕಕ್ಕೆ ಅಂಟಿಕೊಂಡಿರುತ್ತದೆ. ಒಬ್ಬರನ್ನು ಎತ್ತಿ ಇನ್ನೊಂದು ಕಡೆ ಇಡುವುದೆಂದರೆ ಬರಿಯ ಹೆಸರು ಅಳಿಸಿ ಬರೆದಂತಲ್ಲ.

ಹೆಸರಿನ ಹಿಂದೆ ಏನೇನು ಹೋಗಬೇಕು ನೋಡಿ. ನಿಮ್ಮ ಕ್ರಮಸಂಖ್ಯೆ ಆ ಕೇಂದ್ರದ ಪಟ್ಟಿಯಲ್ಲಿರುತ್ತದೆ. ನಿಮ್ಮ ಫೋಟೊ ಇರುವ ಹಾಜರಿ ಹಾಳೆ ಆ ಕೊಠಡಿಗೇ ಮುದ್ರಣವಾಗುತ್ತದೆ. ಪರೀಕ್ಷೆಯ ದಿನ ಬಾಗಿಲಲ್ಲಿ ಬೆರಳಚ್ಚು, ಮುಖ ಹೊಂದಿಸಿ ನೋಡುವುದು ಕೂಡ ಆ ಪಟ್ಟಿಯ ಆಧಾರದ ಮೇಲೆಯೇ. ಆಮೇಲೆ ಪ್ರಶ್ನೆಪತ್ರಿಕೆ. ನೀಟ್ 13 ಭಾಷೆಗಳಲ್ಲಿ ನಡೆಯುತ್ತದೆ, ಆದರೆ ಎಲ್ಲ ಭಾಷೆ ಎಲ್ಲ ಕಡೆ ಸಿಗುವುದಿಲ್ಲ. ಕನ್ನಡ ಆರಿಸಿಕೊಂಡವರಿಗೆ ಕನ್ನಡ-ಇಂಗ್ಲಿಷ್ ಎರಡೂ ಇರುವ ಪುಸ್ತಿಕೆ ಬರುತ್ತದೆ, ಅದು ಕರ್ನಾಟಕದ ಕೇಂದ್ರಗಳಿಗೆ ಮಾತ್ರ ಹೋಗುತ್ತದೆ. ನಮ್ಮಲ್ಲಿ ಓದುವ ಗಡಿ ಆಚೆಯ ಮಕ್ಕಳು, ಉದಾಹರಣೆಗೆ ಕಾಸರಗೋಡು ಕಡೆಯವರು, ಇದನ್ನು ಅರ್ಜಿ ತುಂಬುವಾಗಲೇ ಗಮನಿಸಬೇಕು. ಮನೆ ಹತ್ತಿರ ಎಂದು ಕೇರಳದ ನಗರ ಆರಿಸಿದರೆ ಅಲ್ಲಿ ಕನ್ನಡ ಪತ್ರಿಕೆ ಸಿಗುವುದಿಲ್ಲ. ಕನ್ನಡವೇ ಬೇಕಿದ್ದರೆ ಮಂಗಳೂರಿಗೆ ಬರಲೇಬೇಕು.

ಕನ್ನಡ ಪುಸ್ತಿಕೆಗಳ ಎಣಿಕೆ ಮುಗಿದು ಪೆಟ್ಟಿಗೆ ಮುಚ್ಚಿದ ಮೇಲೆ ಒಬ್ಬ ಅಭ್ಯರ್ಥಿ ಬೇರೆ ಊರಿಗೆ ಹೋದರೆ ಅಲ್ಲಿ ಒಂದು ಕಡಿಮೆ, ಇಲ್ಲಿ ಒಂದು ಹೆಚ್ಚು. ಹೆಚ್ಚುವರಿ ಪುಸ್ತಿಕೆ ಒಂದೆರಡು ಇರಬಹುದಲ್ಲ ಎಂದು ಕೇಳಬಹುದು. ಇದ್ದರೂ ಅದು ಹರಿದದ್ದು, ಮುದ್ರಣ ಮಸುಕಾದದ್ದು ಬದಲಿಸಿ ಕೊಡಲು. ಹೊಸದಾಗಿ ಬಂದವರಿಗೆ ಕೊಡಲು ಅಲ್ಲ.

ಇನ್ನೊಂದು ಪ್ರಶ್ನೆಯನ್ನು ಪೋಷಕರು ಬಹಳ ನ್ಯಾಯವಾಗಿಯೇ ಕೇಳುತ್ತಾರೆ. ಪ್ರತಿವರ್ಷ ಸಾವಿರಾರು ಮಂದಿ ಗೈರುಹಾಜರಾಗುತ್ತಾರೆ, ಪ್ರತಿ ಕೇಂದ್ರದಲ್ಲೂ ಖಾಲಿ ಕುರ್ಚಿ ಇದ್ದೇ ಇರುತ್ತದೆ, ಅದರಲ್ಲಿ ನಮ್ಮ ಮಗುವನ್ನು ಕೂರಿಸಬಾರದೇ? ಕುರ್ಚಿ ಖಾಲಿ ಎಂದು ಗೊತ್ತಾಗುವುದು ಯಾವಾಗ ಹೇಳಿ. ಪರೀಕ್ಷೆ ಎರಡು ಗಂಟೆಗೆ. ಗೇಟು ಮುಚ್ಚುವುದು ಒಂದೂವರೆಗೆ. ಒಂದು ಗಂಟೆ ಇಪ್ಪತ್ತೊಂಬತ್ತು ನಿಮಿಷದವರೆಗೂ ಆ ಕುರ್ಚಿಯ ಮಾಲೀಕರು ಓಡಿ ಬರಬಹುದು. ಖಾಲಿ ಕುರ್ಚಿ ಇರುವುದು ನಿಜ, ಆದರೆ ಅದನ್ನು ಹತ್ತು ದಿನ ಮುಂಚೆ ಯಾರಿಗೂ ಬರೆದುಕೊಡಲು ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ನಿಜವಾದ ಪ್ರಕರಣ ಹೇಳುತ್ತೇನೆ, ವಿದ್ಯಾರ್ಥಿನಿಯ ಹೆಸರು ಬೇಡ. ಕಲಬುರಗಿ ಕಡೆಯ ಹುಡುಗಿ. ಎರಡು ವರ್ಷ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿದವಳು. ಫೆಬ್ರವರಿಯಲ್ಲಿ ಗೆಳತಿಯರ ಜೊತೆ ಒಂದು ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿದಳು. ಈಗಿನ ವಿಳಾಸ ಎಂಬಲ್ಲಿ ಹಾಸ್ಟೆಲ್, ಖಾಯಂ ವಿಳಾಸ ಎಂಬಲ್ಲಿ ಕಲಬುರಗಿಯ ಮನೆ. ನಗರದ ಆಯ್ಕೆಯಲ್ಲಿ ಮೊದಲು ಮಂಗಳೂರು, ಆಮೇಲೆ ಉಡುಪಿ. ಎಲ್ಲರೂ ಅದನ್ನೇ ಹಾಕಿದರು, ಇವಳೂ ಹಾಕಿದಳು. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋದಳು. ಏಪ್ರಿಲ್ 23ರ ಸಂಜೆ ಸ್ಲಿಪ್ ತೆರೆದಳು, ಮಂಗಳೂರು. ಕೇಳಿದ್ದೇ ಸಿಕ್ಕಿದೆ! ಆದರೆ ಅವಳು ಈಗ ರಾಜ್ಯದ ಇನ್ನೊಂದು ತುದಿಯಲ್ಲಿದ್ದಾಳೆ. ಮಂಗಳೂರಿನಲ್ಲಿ ಅವಳ ಹಾಸ್ಟೆಲ್ ಬೀಗ ಹಾಕಿದೆ. ಬಸ್ಸಿನಲ್ಲಿ ಇಡೀ ರಾತ್ರಿಯ ದಾರಿ.

'ಸರ್, ಸೆಂಟರ್ ಕಲಬುರ್ಗಿಗೆ ಹಾಕ್ಸಲಿಕ್ಕೆ ಬರ್ತದೇನ್ರಿ? ಅಬ್ಬಾ ಕೇಳಾಕತ್ತಾರ್ರಿ' ಎಂದು ಫೋನ್ ಮಾಡಿದಳು. ತಂದೆಯೂ ಮಾತಾಡಿದರು. ಅವರ ವಾದ ನೇರವಾಗಿತ್ತು. ಕಲಬುರಗಿಯಲ್ಲೂ ನೀಟ್ ಕೇಂದ್ರಗಳಿವೆ, ಖಾಯಂ ವಿಳಾಸ ಅರ್ಜಿಯಲ್ಲೇ ಇದೆ, ಹೆಣ್ಣುಮಗಳು, ಹತ್ತು ದಿನ ಸಮಯವೂ ಇದೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಮನವಿಯನ್ನು ಅಚ್ಚುಕಟ್ಟಾಗಿ ಬರೆದು, ಅರ್ಜಿ ಸಂಖ್ಯೆ, ಆಧಾರ್ ಪ್ರತಿ ಸೇರಿಸಿ ಮರುದಿನವೇ ಇಮೇಲ್ ಮಾಡಿದೆವು. ನಾಲ್ಕು ದಿನದ ನಂತರ ಎರಡು ಸಾಲಿನ ಉತ್ತರ ಬಂತು: ಹಂಚಿಕೆಯಾದ ನಗರವನ್ನು ಬದಲಾಯಿಸಲು ಅವಕಾಶವಿಲ್ಲ, ಮಾಹಿತಿ ಪುಸ್ತಿಕೆಯನ್ನು ನೋಡಿ.

ಪುಸ್ತಿಕೆಯಲ್ಲಿ ಅದು ಇದೆ. ಹಂಚಿಕೆಯಾದ ಮೇಲೆ ನಗರ ಅಥವಾ ಕೇಂದ್ರ ಬದಲಾವಣೆಯ ಕೋರಿಕೆಯನ್ನು ಯಾವ ಸಂದರ್ಭದಲ್ಲೂ ಪರಿಗಣಿಸುವುದಿಲ್ಲ ಎಂಬ ಅರ್ಥದ ಮಾತು ಅರ್ಜಿ ತುಂಬುವ ಮುಂಚೆಯೇ ಪ್ರಕಟವಾಗಿರುತ್ತದೆ. ಅಷ್ಟೇ ಅಲ್ಲ, ಆಡಳಿತದ ಕಾರಣಕ್ಕೆ ನೀವು ಕೇಳದ ನಗರವನ್ನು ಕೊಡುವ ಹಕ್ಕನ್ನೂ ಸಂಸ್ಥೆ ಅದರಲ್ಲೇ ಕಾದಿರಿಸಿಕೊಂಡಿರುತ್ತದೆ. ಅರ್ಜಿಯ ಕೊನೆಯಲ್ಲಿ 'ಓದಿದ್ದೇನೆ, ಒಪ್ಪಿದ್ದೇನೆ' ಎಂಬ ಚೌಕಕ್ಕೆ ಟಿಕ್ ಹಾಕಿದ ಮೇಲೆಯೇ ಅರ್ಜಿ ಹೋಗುವುದು. ಓದಿ ಟಿಕ್ ಹಾಕುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಆ ತಂದೆಗೆ ನಾನು ಹೇಳಿದ್ದು ಇಷ್ಟು. ನಿಮ್ಮ ಕಾರಣ ನಿಜ. ಆದರೆ ಮೇಲ್ ಓದುವವರ ಮುಂದೆ ನಿಮ್ಮದೊಂದೇ ಪತ್ರ ಇಲ್ಲ. 22 ಲಕ್ಷದಲ್ಲಿ ನೂರಕ್ಕೆ ಒಬ್ಬರು ಬರೆದರೂ 22,000 ಪತ್ರ. ಒಬ್ಬರಿಗೆ ತಂದೆಯ ವರ್ಗಾವಣೆ, ಒಬ್ಬರಿಗೆ ಮನೆಯಲ್ಲಿ ಕಾಯಿಲೆ, ಒಬ್ಬರಿಗೆ ಅಕ್ಕನ ಮದುವೆ. ಯಾವುದು ನಿಜ, ಯಾವುದು ಅಲ್ಲ ಎಂದು ಹತ್ತು ದಿನದಲ್ಲಿ ಪರೀಕ್ಷಿಸಿ ನೋಡುವವರು ಯಾರು? ನೋಡದೆ ಕೊಟ್ಟರೆ ಚೆನ್ನಾಗಿ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬರುವವರಿಗೆ, ಸರ್ಟಿಫಿಕೇಟ್ ಮಾಡಿಸಿಕೊಳ್ಳುವ ದಾರಿ ಗೊತ್ತಿರುವವರಿಗೆ ಮಾತ್ರ ಸಿಗುತ್ತದೆ. ನಿಯಮ ಕಟುವಾಗಿ ಕಂಡರೂ ಈ ಒಂದು ವಿಷಯದಲ್ಲಿ ಅದು ಬಡವರ ಪರವಾಗಿಯೇ ಇದೆ ಎಂದು ನನ್ನ ಅನಿಸಿಕೆ. ಆದರೆ ತಿದ್ದುಪಡಿಯ ಮೂರು ದಿನಗಳನ್ನು ಬೋರ್ಡ್ ಪರೀಕ್ಷೆಗಳ ನಡುವೆ ಇಡುವುದು ಸರಿಯೆಂದು ನನಗೆ ಅನಿಸುವುದಿಲ್ಲ. ನಿಯಮ ಬಿಗಿಯಾಗಿದ್ದಷ್ಟೂ ಅದಕ್ಕೆ ಮುಂಚೆ ಕೊಡುವ ಅವಕಾಶ ಧಾರಾಳವಾಗಿರಬೇಕು.

ಬಿಗಿಗೆ ಇನ್ನೊಂದು ಕಾರಣವೂ ಇದೆ, ಅದು ನಂಬಿಕೆಯ ಪ್ರಶ್ನೆ. ಗುಜರಾತಿನ ಗೋಧ್ರಾದ ಹೆಸರು 2024ರಲ್ಲಿ ಸುದ್ದಿಯಾದದ್ದು ನಿಮಗೆ ನೆನಪಿರಬಹುದು. ಅಲ್ಲಿನ ಕೇಂದ್ರದಲ್ಲಿ ಅಕ್ರಮಕ್ಕೆ ವ್ಯವಸ್ಥೆ ಮಾಡಿಕೊಂಡು ಬೇರೆ ರಾಜ್ಯದ ಅಭ್ಯರ್ಥಿಗಳಿಂದಲೂ ಆ ಊರನ್ನೇ ಆರಿಸಿಕೊಳ್ಳಲು ಹೇಳಲಾಗಿತ್ತು ಎಂಬ ಆರೋಪದ ತನಿಖೆ ಸಿಬಿಐಗೆ ಹೋಯಿತು. ಆ ವರ್ಷದ ನೀಟ್ ಪ್ರಕರಣಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇಂದ್ರ ಬದಲಾಯಿಸಿಕೊಂಡವರ ಬಗ್ಗೆ ಕೇಳಿತು. ತಿದ್ದುಪಡಿಯಲ್ಲಿ ಅಭ್ಯರ್ಥಿ ಬದಲಾಯಿಸಬಹುದಾದದ್ದು ನಗರ ಮಾತ್ರ, ಕೇಂದ್ರವನ್ನು ಯಾರೂ ಆರಿಸಲಾಗದು, ಅದನ್ನು ಕಂಪ್ಯೂಟರ್ ವ್ಯವಸ್ಥೆಯೇ ಪರೀಕ್ಷೆಗೆ ಸ್ವಲ್ಪ ಮುಂಚೆ ಹಂಚುತ್ತದೆ ಎಂಬುದು ಎನ್‌ಟಿಎ ಕೊಟ್ಟ ಉತ್ತರವಾಗಿತ್ತು. ಈಗ ಯೋಚಿಸಿ. ಹಂಚಿಕೆ ಮುಗಿದ ಮೇಲೆ, ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಒಬ್ಬರು ಇಂಥ ಊರೇ ಬೇಕು ಎಂದು ಬರೆದರೆ ಅದನ್ನು ನೋಡುವ ಕಣ್ಣು ಹೇಗಿರುತ್ತದೆ? ಮನೆಯ ಕಷ್ಟಕ್ಕೆ ಬರೆದ ಪತ್ರವೂ, ಬೇರೆ ಉದ್ದೇಶಕ್ಕೆ ಬರೆದ ಪತ್ರವೂ ಕಾಗದದ ಮೇಲೆ ಒಂದೇ ರೀತಿ ಕಾಣುತ್ತವೆ.

ಹಾಗಾದರೆ ಯಾವತ್ತೂ ಯಾರಿಗೂ ವಿನಾಯಿತಿ ಸಿಕ್ಕಿಲ್ಲವೇ? ಸಿಕ್ಕಿದೆ. ಆದರೆ ಸಿಕ್ಕ ಬಗೆಯನ್ನು ಗಮನಿಸಿ.

2019ರ ಮೇ 5ರಂದು ನೀಟ್. ಉತ್ತರ ಕರ್ನಾಟಕದ ನೂರಾರು ವಿದ್ಯಾರ್ಥಿಗಳಿಗೆ ಕೇಂದ್ರ ಬೆಂಗಳೂರಿನಲ್ಲಿತ್ತು, ಅವರು ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ದರು. ಬೆಳಿಗ್ಗೆ ತಲುಪಬೇಕಿದ್ದ ರೈಲು ಗಂಟೆಗಟ್ಟಲೆ ತಡವಾಗಿ ಬೆಂಗಳೂರು ಸೇರಿದಾಗ ಮಧ್ಯಾಹ್ನ ಎರಡು ದಾಟಿತ್ತು. ಪರೀಕ್ಷೆ ತಪ್ಪಿತು. ಅದೇ ದಿನ ಒಡಿಶಾದಲ್ಲಿ ಪರೀಕ್ಷೆಯೇ ನಡೆಯಲಿಲ್ಲ, ಫನಿ ಚಂಡಮಾರುತ ಎರಡು ದಿನ ಮುಂಚೆ ಅಪ್ಪಳಿಸಿದ್ದರಿಂದ ಅಲ್ಲಿಗೆ ಮುಂದೂಡಿದ್ದರು. ಒಡಿಶಾದವರಿಗೆ ಮೇ 20ಕ್ಕೆ ಪರೀಕ್ಷೆ ಗೊತ್ತಾಯಿತು. ಕರ್ನಾಟಕದಲ್ಲಿ ರೈಲಿನಿಂದಾಗಿ ತಪ್ಪಿಸಿಕೊಂಡವರಿಗೂ ಅದೇ ದಿನ ಇನ್ನೊಂದು ಅವಕಾಶ ಕೊಟ್ಟರು. 2023ರಲ್ಲಿ ಮಣಿಪುರದಲ್ಲಿ ಗಲಭೆಯಾದಾಗ ಮೇ 7ರ ಪರೀಕ್ಷೆಯನ್ನು ಆ ರಾಜ್ಯದ ಕೇಂದ್ರಗಳವರಿಗೆ ಮಾತ್ರ ಹಿಂದಿನ ದಿನ ಮುಂದೂಡಿದರು.

ಈ ಎಲ್ಲ ಕಡೆ ಪರಿಹಾರ ಸಿಕ್ಕಿದ್ದು ಒಂದು ಗುಂಪಿಗೆ, ಅದೂ ಇನ್ನೊಂದು ದಿನಾಂಕದ ರೂಪದಲ್ಲಿ. ಒಬ್ಬೊಬ್ಬರ ಹೆಸರನ್ನು ಒಂದು ಊರಿನಿಂದ ಇನ್ನೊಂದು ಊರಿನ ಪಟ್ಟಿಗೆ ದಾಟಿಸಲಿಲ್ಲ. ಚಂಡಮಾರುತ, ಗಲಭೆ, ರೈಲು ಇವು ಎಲ್ಲರ ಕಣ್ಣಿಗೆ ಕಾಣುವಂಥವು, ಯಾರೂ ಸರ್ಟಿಫಿಕೇಟ್ ತರಬೇಕಾಗಿಲ್ಲ. ಬೇರೆ ದಿನ ನಡೆಸುವುದಾದರೆ ಬೇರೆ ಪ್ರಶ್ನೆಪತ್ರಿಕೆ, ಬೇರೆ ಪಟ್ಟಿ, ಹೊಸ ಲೆಕ್ಕ. ಮೊದಲು ಮುಚ್ಚಿದ ಪೆಟ್ಟಿಗೆಯನ್ನು ಯಾರೂ ಬಿಚ್ಚಬೇಕಾಗಿಲ್ಲ.

ಊರನ್ನೇ ಬದಲಿಸಿಕೊಳ್ಳಲು ಬಿಟ್ಟ ಉದಾಹರಣೆಗಳೂ ಇವೆ. 2020ರ ಕೋವಿಡ್ ವರ್ಷದಲ್ಲಿ ಮೇ ತಿಂಗಳ ಪರೀಕ್ಷೆ ಸೆಪ್ಟೆಂಬರ್ 13ಕ್ಕೆ ಹೋಯಿತು. ಹಾಸ್ಟೆಲ್, ಕೋಚಿಂಗ್ ಎಲ್ಲ ಮುಚ್ಚಿ ಮಕ್ಕಳು ಮನೆ ಸೇರಿದ್ದರಿಂದ ನಗರ ಬದಲಾಯಿಸಲು ಒಂದಕ್ಕಿಂತ ಹೆಚ್ಚು ಬಾರಿ ಅವಕಾಶ ಕೊಟ್ಟರು. ಕೊಠಡಿಗೆ 24ರ ಬದಲು 12 ಮಂದಿ ಎಂದು ಮಾಡಿ, ಕೇಂದ್ರಗಳನ್ನು 2,546ರಿಂದ 3,843ಕ್ಕೆ ಏರಿಸಿದರು. ವೈದ್ಯರು ಬರೆಯುವ ನೀಟ್ ಪಿಜಿಯಲ್ಲೂ 2025ರಲ್ಲಿ ಹೀಗೇ ಆಯಿತು. ಎರಡು ಪಾಳಿಯಲ್ಲಿ ನಡೆಯಬೇಕಿದ್ದ ಪರೀಕ್ಷೆ ಕೋರ್ಟಿನ ಆದೇಶದಿಂದ ಒಂದೇ ಪಾಳಿಗೆ ಬಂದಾಗ ಜೂನ್ ತಿಂಗಳ ದಿನಾಂಕ ಆಗಸ್ಟ್ 3ಕ್ಕೆ ಹೋಯಿತು, ಎಲ್ಲರಿಗೂ ಹೊಸದಾಗಿ ನಗರ ಆರಿಸಿಕೊಳ್ಳಲು ಬಿಟ್ಟರು. ಎರಡರಲ್ಲೂ ಹಳೆಯ ಲೆಕ್ಕವೇ ರದ್ದಾಗಿತ್ತು. ಹೊಸ ಹಂಚಿಕೆಗೆ ಮುಂಚೆ, ಎಲ್ಲರಿಗೂ ಒಟ್ಟಿಗೆ ಬಾಗಿಲು ತೆರೆದಿತ್ತು. ಅದೇ ನೀಟ್ ಪಿಜಿಯ ಹಿಂದಿನ ವರ್ಷದ ಕಥೆ ನೋಡಿ. 2024ರ ಆಗಸ್ಟ್ 11ಕ್ಕೆ ಪರೀಕ್ಷೆ, ದೂರದ ನಗರಗಳು ಬಿದ್ದಿವೆ ಎಂಬುದನ್ನೂ ಹೇಳಿಕೊಂಡು ಮುಂದೂಡಿಕೆ ಕೋರಿ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ಆಗಸ್ಟ್ 9ರಂದು ಕೋರ್ಟ್ ಒಪ್ಪಲಿಲ್ಲ. ಕೆಲವರ ಕಷ್ಟಕ್ಕಾಗಿ ಸುಮಾರು ಎರಡು ಲಕ್ಷ ಅಭ್ಯರ್ಥಿಗಳನ್ನು ತೊಂದರೆಗೆ ದೂಡಲಾಗದು ಎಂಬುದು ಅಲ್ಲಿನ ನಿಲುವು. ಕೋರ್ಟಿಗೆ ಹೋದರೆ ಆಗುತ್ತದೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ಹಾಗೆಂದು ಸ್ಲಿಪ್ ಬಂದ ಮೇಲೆ ಪತ್ರವನ್ನೇ ಬರೆಯಬಾರದು ಎಂದಲ್ಲ. ಏನನ್ನು ಕೇಳುತ್ತಿದ್ದೇವೆ ಎಂಬುದು ಮುಖ್ಯ. ಪ್ರವೇಶಪತ್ರದಲ್ಲಿ ಫೋಟೊ ಬೇರೆಯವರದು ಬಂದಿದ್ದರೆ, ಹೆಸರು ಅಥವಾ ಲಿಂಗ ತಪ್ಪಾಗಿದ್ದರೆ, ನೀವು ಅರ್ಜಿಯಲ್ಲಿ ಕೇಳಿದ ಭಾಷೆಗೂ ಪ್ರವೇಶಪತ್ರದ ಭಾಷೆಗೂ ಹೊಂದದಿದ್ದರೆ ತಕ್ಷಣ ಸಹಾಯವಾಣಿಗೆ ಕರೆ ಮಾಡಿ, ಇಮೇಲ್ ಮಾಡಿ. ಅವು ದಾಖಲೆಯ ತಪ್ಪುಗಳು, ಅರ್ಜಿಯ ಪ್ರತಿಯನ್ನು ಪಕ್ಕದಲ್ಲಿ ಇಟ್ಟರೆ ಯಾರಿಗಾದರೂ ಕಾಣುತ್ತವೆ. ಅಂಗವಿಕಲ ಅಭ್ಯರ್ಥಿಗಳಿಗೆ ಬರೆಯುವವರ ಸಹಾಯ ಬೇಕಿದ್ದು ಅದು ದಾಖಲಾಗಿಲ್ಲವೆಂದರೂ ಹಾಗೆಯೇ. ನಿಮ್ಮ ಆಯ್ಕೆಯ ಪಟ್ಟಿಯಲ್ಲೇ ಇಲ್ಲದ ನಗರ ಬಿದ್ದಿದ್ದರೆ ಅದನ್ನೂ ಒಮ್ಮೆ ಬರೆದು ಕೇಳಬಹುದು, ಆದರೆ ಉತ್ತರಕ್ಕೆ ಕಾಯದೆ ಟಿಕೆಟ್ ಮಾಡಿಸಿ. ಕಲಬುರಗಿಯ ವಿದ್ಯಾರ್ಥಿನಿಯ ಕೋರಿಕೆ ಇದಾವುದರಲ್ಲೂ ಬರುತ್ತಿರಲಿಲ್ಲ. ಅವಳ ದಾಖಲೆಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಅವಳ ವಿಷಯದಲ್ಲಿ ಒಂದು ಒಳ್ಳೆಯದಾಯಿತು. ಮೇಲ್ ಕಳಿಸಿದ ದಿನವೇ ತಂದೆ ಬಸ್ಸಿಗೆ ಎರಡು ಸೀಟು ಕಾದಿರಿಸಿಟ್ಟಿದ್ದರು. ಬದಲಾದರೆ ರದ್ದು ಮಾಡೋಣ, ಸ್ವಲ್ಪ ಹಣ ಹೋಗುತ್ತದೆ, ಹೋಗಲಿ ಎಂದರು. ಶುಕ್ರವಾರ ಸಂಜೆ ಹೊರಟು ಶನಿವಾರ ಮಂಗಳೂರು ಸೇರಿ, ಸಹಪಾಠಿಯೊಬ್ಬಳ ಮನೆಯಲ್ಲಿ ಉಳಿದರು. ಶನಿವಾರ ಸಂಜೆ ಕೇಂದ್ರದ ಗೇಟಿನವರೆಗೆ ಹೋಗಿ ನೋಡಿ ಬಂದರು. ಒಂದೇ ಹೆಸರಿನ ಎರಡು ಕ್ಯಾಂಪಸ್ ಇರುವ ಸಂಸ್ಥೆಗಳಿರುತ್ತವೆ, ಭಾನುವಾರ ಆಟೊದವರು ತಪ್ಪು ಕ್ಯಾಂಪಸ್ಸಿಗೆ ಬಿಟ್ಟು ಹೋದ ಪ್ರಸಂಗಗಳು ನಮ್ಮಲ್ಲೇ ಆಗಿವೆ, ಅದಕ್ಕೆ ಇದು ಅಗತ್ಯ. ಹಿಜಾಬ್ ಅಥವಾ ಇತರ ಸಾಂಪ್ರದಾಯಿಕ ಉಡುಪಿನಲ್ಲಿ ಬರುವವರು ತಪಾಸಣೆಗಾಗಿ ಉಳಿದವರಿಗಿಂತ ಮುಂಚೆ ಬರಬೇಕೆಂದು ಮಾಹಿತಿ ಪುಸ್ತಿಕೆಯಲ್ಲಿ ಇರುತ್ತದೆ. ಅವರ ಮಟ್ಟಿಗೆ ಪರೀಕ್ಷೆಯ ದಿನವೇ ಬೇರೆ ಊರಿನಿಂದ ಬಂದಿಳಿಯುವ ಯೋಚನೆ ಇನ್ನಷ್ಟು ಅಪಾಯದ್ದು. ಹಂಪಿ ಎಕ್ಸ್‌ಪ್ರೆಸ್ ಹತ್ತಿದವರಿಗೂ ಬೆಳಿಗ್ಗೆಯೇ ತಲುಪುತ್ತೇವೆ ಎಂಬ ಲೆಕ್ಕವಿತ್ತು.

ಈಗ ಮುಂದಿನ ಅರ್ಜಿ ತುಂಬುವ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ. ನಗರದ ಕಾಲಂ ಬಂದಾಗ 'ನಾನು ಈಗ ಎಲ್ಲಿದ್ದೇನೆ' ಎಂದು ಯೋಚಿಸಬೇಡಿ. 'ಮೇ ಮೊದಲ ಭಾನುವಾರ ಎಲ್ಲಿರುತ್ತೇನೆ' ಎಂದು ಯೋಚಿಸಿ. ಹಾಸ್ಟೆಲ್ ಯಾವತ್ತು ಮುಚ್ಚುತ್ತದೆ ಎಂದು ವಾರ್ಡನರನ್ನು ಕೇಳಿ. ಬೋರ್ಡ್ ಪರೀಕ್ಷೆಯ ನಂತರ ಕೋಚಿಂಗಿಗೆ ಬೇರೆ ಊರಿಗೆ ಹೋಗುವುದಿದ್ದರೆ ಅದನ್ನು ಫೆಬ್ರವರಿಯಲ್ಲೇ ಮನೆಯಲ್ಲಿ ತೀರ್ಮಾನಿಸಿ. ನಗರಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ನಿಮ್ಮ ಈಗಿನ ವಿಳಾಸದ ಅಥವಾ ಖಾಯಂ ವಿಳಾಸದ ರಾಜ್ಯದ ಊರುಗಳು ಮಾತ್ರ ತೆರೆಯುತ್ತವೆ. ಎರಡೂ ಕರ್ನಾಟಕವಾಗಿದ್ದರೆ ಬೀದರಿನಿಂದ ಮಂಗಳೂರಿನವರೆಗೆ ನಿಮಗೆ ಆಯ್ಕೆ ಇದೆ. ಎರಡನೆಯ, ಮೂರನೆಯ ಆಯ್ಕೆಯನ್ನೂ ಬಾಯಿಗೆ ಬಂದಂತೆ ತುಂಬಬೇಡಿ. ಮೊದಲನೆಯದು ತುಂಬಿಹೋದರೆ ನೀವು ನಿಜವಾಗಿ ಹೋಗಬೇಕಾಗುವುದು ಅಲ್ಲಿಗೇ.

ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೋ, ಮನೆಯವರದೋ ಇರಲಿ. ಸೈಬರ್ ಅಂಗಡಿಯವರು ಕೆಲಸ ಬೇಗ ಮುಗಿಯಲೆಂದು ತಮ್ಮದೇ ಇಮೇಲ್ ಹಾಕಿಬಿಡುತ್ತಾರೆ. ಆಮೇಲೆ ತಿದ್ದುಪಡಿ ತೆರೆದಿದೆ ಎಂಬ ಸಂದೇಶ ಅವರ ಪೆಟ್ಟಿಗೆಗೆ ಹೋಗುತ್ತದೆ, ಪಾಸ್‌ವರ್ಡ್ ಮರೆತರೆ ಓಟಿಪಿಗೂ ಅವರನ್ನೇ ಹುಡುಕಬೇಕು. ಅರ್ಜಿ ಸಂಖ್ಯೆ, ಪಾಸ್‌ವರ್ಡ್ ಎರಡನ್ನೂ ಮನೆಯ ಡೈರಿಯಲ್ಲಿ ಬರೆದಿಡಿ.

ತಿದ್ದುಪಡಿಯ ದಿನಗಳು ಬೋರ್ಡ್ ಪರೀಕ್ಷೆಯ ನಡುವೆ ಬಂದರೂ ಗಾಬರಿ ಬೇಡ, ಊರು ಬದಲಿಸಲು ಹತ್ತು ನಿಮಿಷ ಸಾಕು. neet.nta.nic.in ನಲ್ಲಿ ಲಾಗಿನ್ ಆಗಿ, ನಗರ ತಿದ್ದಿ, ಸಲ್ಲಿಸಿ, ದೃಢೀಕರಣದ ಪುಟವನ್ನು ಹೊಸದಾಗಿ ಇಳಿಸಿಕೊಂಡು ಅದರಲ್ಲಿ ಹೊಸ ಊರು ಬಂದಿದೆಯೇ ನೋಡಬೇಕು, ಅಷ್ಟೇ. ಒಮ್ಮೆ ಸಲ್ಲಿಸಿದರೆ ಮತ್ತೆ ತಿದ್ದಲು ಬಿಡುವುದಿಲ್ಲ, ಆದ್ದರಿಂದ ಅಪ್ಪ ಅಮ್ಮನ ಜೊತೆ ಮಾತಾಡಿಕೊಂಡೇ ಒತ್ತಿ. ಆ ದಿನಗಳಲ್ಲಿ ಪರೀಕ್ಷೆ ಮುಗಿದ ಮೇಲೆ ಮಧ್ಯಾಹ್ನದಿಂದ ಸಂಜೆಯವರೆಗೆ ನಾನು ಲ್ಯಾಬಿನಲ್ಲಿ ಇರುತ್ತೇನೆ. ಊರಿಗೆ ಹೋದವರು ಫೋನ್ ಮಾಡಬಹುದು, ಓಟಿಪಿ ಬರುವ ಮೊಬೈಲ್ ಪಕ್ಕದಲ್ಲಿ ಇಟ್ಟುಕೊಂಡಿರಿ.